ಗೀಳು ಕಾಯಿಲೆಗೆ ಇಆರ್‌ಪಿ: ನಾಲ್ಕೇ ಜನರ ಅಧ್ಯಯನ, ಬೇಸ್‌ಲೈನ್ ಎಷ್ಟು ದಿನ ಇಡೋದು?

ಮಲ್ಲಿಗೆಮೊಗ್ಗು
ಎಲ್ಲರಿಗೂ ನಮಸ್ಕಾರ. ನಾನು ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್ ಎರಡನೇ ವರ್ಷದಲ್ಲಿದ್ದೇನೆ. ತೊಳೆಯುವ ಗೀಳು ಇರುವ ನಾಲ್ಕು ಜನರಿಗೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಅಂದರೆ ಹೆದರುವುದನ್ನು ಎದುರಿಸಿಯೂ ತೊಳೆಯದೆ ಇರುವುದನ್ನು ಕಲಿಸುವ ಇಆರ್‌ಪಿ ಕೊಟ್ಟು, ಒಬ್ಬೊಬ್ಬರನ್ನೂ ಅವರದೇ ಮೊದಲಿನ ಅಳತೆಗೆ ಹೋಲಿಸುವ ಸಿಂಗಲ್-ಕೇಸ್ ಡಿಸೈನ್‌ನಲ್ಲಿ ಥೀಸಿಸ್ ಮಾಡಬೇಕು ಅಂತಿದ್ದೇನೆ. ವಾರಕ್ಕೆ ಎರಡು ಸೆಷನ್‌ನಂತೆ ಒಟ್ಟು ಹದಿನಾರು. ಕೈ ತೊಳೆಯೋದು, ಸ್ನಾನ ಎರಡೂ ಸೇರಿ ದಿನಕ್ಕೆ ಎಷ್ಟು ನಿಮಿಷ ಆಯಿತು ಅಂತ ಅವರೇ ಡೈರಿಯಲ್ಲಿ ಬರೆಯುತ್ತಾರೆ. ಗ್ರಾಫ್‌ನಲ್ಲಿ ಐದು ಬಿಂದು ಇದ್ದರೆ ಸಾಕು ಅಂತ ಓದಿದ್ದರಿಂದ ಎಲ್ಲರಿಗೂ ಐದು ದಿನದ ಬೇಸ್‌ಲೈನ್, ಅಂದರೆ ಚಿಕಿತ್ಸೆಗೆ ಮುನ್ನ ಸುಮ್ಮನೆ ಅಳೆಯುವ ಹಂತ, ಇಟ್ಟುಕೊಂಡಿದ್ದೆ.

ಪ್ರಯೋಗಕ್ಕೆ ಮೊದಲು ಒಬ್ಬರ ಹತ್ತಿರ ಒಂದು ವಾರ ಬರೆಸಿ ನೋಡಿದೆ. ನಾನಿನ್ನೂ ಚಿಕಿತ್ಸೆಯ ಮಾತೇ ಎತ್ತಿಲ್ಲ. ಬಂದ ಅಂಕಿಗಳು: 142, 131, 128, 117, 109, 104, 98. ತಾನೇ ತಾನಾಗಿ ಇಳಿಯುತ್ತಿದೆ! ಅವರಿಗೆ ಒಳ್ಳೆಯದೇ, ಖುಷಿಯೂ ಆಯಿತು. ಆದರೆ ಎಂಟನೇ ದಿನ ಇಆರ್‌ಪಿ ಶುರು ಮಾಡಿದರೆ ನಾನು ಏನನ್ನು ತೋರಿಸಿದ ಹಾಗಾಗುತ್ತದೆ? ದಯವಿಟ್ಟು ದಾರಿ ಹೇಳಿ.

ಕಲ್ಲುಬಂಡೆ
ಇದಕ್ಕೆ ಎಬಿಎಬಿ ಡಿಸೈನ್ ಇದೆಯಲ್ಲ ಮೇಡಂ. ಮೊದಲು ಸುಮ್ಮನೆ ಅಳೆಯಿರಿ, ಆಮೇಲೆ ಚಿಕಿತ್ಸೆ ಕೊಡಿ, ನಡುವೆ ನಿಲ್ಲಿಸಿ, ಮತ್ತೆ ಕೊಡಿ. ನಿಲ್ಲಿಸಿದಾಗ ತೊಳೆಯೋದು ಏರಿ, ಕೊಟ್ಟಾಗ ಇಳಿದರೆ ಚಿಕಿತ್ಸೆಯಿಂದಲೇ ಆಯಿತು ಅಂತ ಯಾರೂ ಅಲ್ಲಗಳೆಯೋಕೆ ಆಗಲ್ಲ. ನಾನು ವಿಶೇಷ ಶಿಕ್ಷಣದಲ್ಲಿದ್ದೇನೆ, ತರಗತಿಯಲ್ಲಿ ಮಕ್ಕಳ ವರ್ತನೆಗೆ ನಾವು ಮಾಡೋದೇ ಇದು.

ಹಳೇಕಡತ
ಕಲ್ಲುಬಂಡೆಯವರೇ, ಬಹುಮಾನದ ಟೋಕನ್ ಕೊಟ್ಟು ನಿಲ್ಲಿಸಿದರೆ ಮಗುವಿನ ವರ್ತನೆ ಹಿಂದಕ್ಕೆ ಬರಬಹುದು, ನಿಮ್ಮ ತರಗತಿಗೆ ಆ ಡಿಸೈನ್ ಸರಿಯೇ. ಆದರೆ ಇಆರ್‌ಪಿಯಲ್ಲಿ ಆ ವ್ಯಕ್ತಿ ಕಲಿಯುವುದು ಬೇರೆ. ಬಸ್ಸಿನ ಕಂಬಿ ಮುಟ್ಟಿ, ಕೈ ತೊಳೆಯದೆ ಊಟ ಮಾಡಿ, ಹೆದರಿದ್ದು ಆಗಲಿಲ್ಲ ಅಂತ ಒಮ್ಮೆ ಅನುಭವಿಸಿದ ಮೇಲೆ, ನಾವು ಸೆಷನ್ ನಿಲ್ಲಿಸಿದರೆ ಆ ಅನುಭವ ಅಳಿಸಿಹೋಗುವುದಿಲ್ಲ. ಹೀಗಾಗಿ ನಿಲ್ಲಿಸಿದಾಗ ಗೆರೆ ಮೇಲೇರದಿದ್ದರೆ ಚಿಕಿತ್ಸೆ ಸೋತಿತು ಅಂತ ಹೇಳುವಂತಿಲ್ಲ, ಏರಿಬಿಟ್ಟರೆ ನಾವೇ ಒಬ್ಬರನ್ನು ಹಿಂದಕ್ಕೆ ತಳ್ಳಿದ ಹಾಗೆ. ಎರಡೂ ಕಡೆ ನಷ್ಟ.

ಅದಕ್ಕೇ ಇಲ್ಲಿ ಮಲ್ಟಿಪಲ್ ಬೇಸ್‌ಲೈನ್. ನಾಲ್ವರೂ ಒಂದೇ ದಿನ ಬರೆಯಲು ಶುರು ಮಾಡುತ್ತಾರೆ, ಆದರೆ ಚಿಕಿತ್ಸೆ ಒಬ್ಬೊಬ್ಬರಿಗೆ ಒಂದೊಂದು ದಿನ ಶುರುವಾಗುತ್ತದೆ. ಮೊದಲನೆಯವರ ಗೆರೆ ಇಳಿದಾಗ ಉಳಿದ ಮೂವರ ಗೆರೆ ಅಲ್ಲೇ ನಿಂತಿರಬೇಕು. ಎರಡನೆಯವರದು ಅವರ ಸರದಿ ಬಂದಾಗಲೇ ಇಳಿಯಬೇಕು. ಮೂರ್ನಾಲ್ಕು ಸಲ ಹೀಗೆಯೇ ಆದರೆ ಹಬ್ಬ, ಪರೀಕ್ಷೆ, ಹವಾಮಾನ ಅಂತ ಬೇರೆ ಕಾರಣ ಹೇಳುವುದು ಕಷ್ಟವಾಗುತ್ತದೆ. ನೀವು ಎಲ್ಲರಿಗೂ ಐದೇ ದಿನ ಇಟ್ಟರೆ ಈ ಹೋಲಿಕೆಯೇ ಇಲ್ಲ ಮಲ್ಲಿಗೆಮೊಗ್ಗು. ಐದು ಬಿಂದು ಅನ್ನುವುದು ಒಂದು ಹಂತಕ್ಕೆ ಬೇಕಾದ ಕನಿಷ್ಠ ಮಾತ್ರ. ಐದಾದರೆ ಸಾಕು, ಶುರು ಮಾಡಿ ಅನ್ನುವ ಅಪ್ಪಣೆ ಅಲ್ಲ.

ಈಗ ನಿಮ್ಮ ಅಂಕಿಗಳಿಗೆ ಬರುತ್ತೇನೆ. 142ರಿಂದ 98ಕ್ಕೆ ಆರು ಹೆಜ್ಜೆಯಲ್ಲಿ 44 ನಿಮಿಷ ಇಳಿದಿದೆ, ಅಂದರೆ ದಿನಕ್ಕೆ ಏಳು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಗ್ರಾಫ್ ಹಾಳೆಯ ಮೇಲೆ ಅದೇ ಇಳಿಜಾರನ್ನು ಸ್ಕೇಲ್ ಇಟ್ಟು ಮುಂದಕ್ಕೆ ಎಳೆದರೆ ಇನ್ನೆರಡು ವಾರದಲ್ಲಿ ಸೊನ್ನೆ ಮುಟ್ಟುತ್ತದೆ. ನಿಜಜೀವನದಲ್ಲಿ ಹಾಗಾಗದು, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಆದರೆ ನೀವು ಎಂಟನೇ ದಿನ ಚಿಕಿತ್ಸೆ ಶುರು ಮಾಡಿ, ಮೂರನೇ ವಾರಕ್ಕೆ 30 ನಿಮಿಷಕ್ಕೆ ತಂದರೂ ಆ ಎಳೆದ ಗೆರೆಗಿಂತ ನೀವು ಮುಂದೆ ಹೋಗಿರುವುದಿಲ್ಲ. ಸರಾಸರಿಗಳನ್ನು ಹೋಲಿಸಿದರೆ ಭಾರೀ ವ್ಯತ್ಯಾಸ ಕಾಣುತ್ತದೆ, ಮೋಸ ಹೋಗಬೇಡಿ.

ಕಾರಣ ಬಹುಪಾಲು ಬರೆಯುವ ಕೆಲಸವೇ. ದಿನಾ ರಾತ್ರಿ ಎರಡು ಗಂಟೆಗೂ ಮಿಕ್ಕಿದ ಲೆಕ್ಕ ಕಣ್ಣಿಗೆ ಬಿದ್ದರೆ ಯಾರಾದರೂ ತೊಳೆಯುವುದನ್ನು ಸ್ವಲ್ಪ ತಗ್ಗಿಸುತ್ತಾರೆ. ಅದಕ್ಕೆ ನಾನು ಮೊದಲ ಏಳು ದಿನವನ್ನು ಅಭ್ಯಾಸದ ವಾರ ಅಂತ ಬಿಟ್ಟುಬಿಡುತ್ತೇನೆ. ಬೇಸ್‌ಲೈನ್ ಲೆಕ್ಕ ಎಂಟನೇ ದಿನದಿಂದ. ಆ ವಾರವನ್ನು ಬಿಡುತ್ತೇನೆ ಅಂತ ಮೊದಲೇ ಪ್ರೊಟೊಕಾಲ್‌ನಲ್ಲಿ ಬರೆದಿಡಬೇಕು, ಅಂಕಿ ನೋಡಿ ಆಮೇಲೆ ಕತ್ತರಿಸಬಾರದು.

ತುಳಸಿಕಟ್ಟೆ
ನಾನು ಸೈಕಾಲಜಿ ಓದಿದವಳಲ್ಲ. ಹನ್ನೊಂದು ವರ್ಷ ಇದೇ ಕಾಯಿಲೆಯಲ್ಲಿ ಬೆಂದವಳು, ಈಗ ಚೆನ್ನಾಗಿದ್ದೇನೆ. ಹಾಗಾಗಿ ಮಗಳೇ, ಒಂದು ಮಾತು.

ನನಗೂ ನಿಮಿಷ ಬರೆಯೋಕೆ ಕೊಟ್ಟಿದ್ದರು. ಮೊದಲ ವಾರ ನಾಚಿಕೆಯಿಂದ ಕಡಿಮೆ ಬರೆದೆ. ಎರಡನೇ ವಾರ ಇನ್ನೊಂದು ಶುರುವಾಯಿತು. ನಲ್ಲಿ ತಿರುಗಿಸಿದ ಹೊತ್ತು ಸರಿಯಾಗಿ ನೋಡಿದೆನಾ ಅನ್ನೋ ಅನುಮಾನ. ಒದ್ದೆ ಕೈಯಲ್ಲಿ ಪೆನ್ನು ಮುಟ್ಟಿದರೆ ಪೆನ್ನು ಮೈಲಿಗೆ, ಪೆನ್ನು ತೊಳೆದು ಮತ್ತೆ ಕೈ ತೊಳೆದು, ಆ ತೊಳೆದದ್ದನ್ನೂ ಬರೆಯಬೇಕಲ್ಲ ಅಂತ ಮತ್ತೆ ಗಡಿಯಾರ. ಪುಸ್ತಕದಲ್ಲಿ 4.10 ಅಂತ ಬರೆದು, ಹೊಡೆದು, 4.11 ಮಾಡಿ, ಅದನ್ನೂ ಹೊಡೆದ ಪುಟಗಳು ಇವತ್ತಿಗೂ ನನ್ನ ಹತ್ತಿರ ಇವೆ. ಬರೆಯೋದೇ ಗೀಳಾಗಿತ್ತು. ನೋಡಿದವರು ನನ್ನ ಕಾಯಿಲೆ ಜಾಸ್ತಿಯಾಯಿತು ಅಂತ ತಿಳಿದರು.

ಇನ್ನೊಂದು, ನಮ್ಮ ಮನೆಯಲ್ಲಿ ಏಕಾದಶಿ, ಶ್ರಾದ್ಧ, ಹಬ್ಬದ ದಿನ ಮಡಿ ಇರುತ್ತದೆ. ಆ ದಿನ ಎಲ್ಲರೂ ಎರಡು ಸಲ ಸ್ನಾನ ಮಾಡ್ತಾರೆ. ನನ್ನದು ಆರು ಸಲ ಆಗುತ್ತಿತ್ತು. ಆ ಆರರಲ್ಲಿ ಯಾವುದು ಮಡಿ, ಯಾವುದು ಕಾಯಿಲೆ ಅಂತ ನಿಮ್ಮ ಲೆಕ್ಕದಲ್ಲಿ ಹೇಗೆ ಬೇರೆ ಮಾಡ್ತೀರಾ?

ಮಲ್ಲಿಗೆಮೊಗ್ಗು
ಅಮ್ಮಾ, ಪೆನ್ನಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಬರೆದು ತಿಳಿಸಿದ್ದಕ್ಕೆ ತುಂಬ ಉಪಕಾರವಾಯಿತು. ಹಾಗಾದರೆ ನಿಮಿಷದ ಬದಲು ಇನ್ನೇನು ಅಳೆಯಬಹುದು? ಗೈಡ್ ಅವರು ವಾರಕ್ಕೊಮ್ಮೆ ಗೀಳಿನ ತೀವ್ರತೆ ಅಳೆಯುವ ವೈ-ಬಾಕ್ಸ್ ಪ್ರಶ್ನಾವಳಿ ಹಾಕು ಸಾಕು ಅಂತಾರೆ.

ಮುಂಗಾರು_ಹುಬ್ಬಳ್ಳಿ
ತಂಗೀ, ಸಬಕಾರ ತೂಗ್ರಿ. ನಾನು ಆಪ್ತಸಮಾಲೋಚಕ, ಹತ್ತು ವರ್ಷದಿಂದ ಇದನ್ನ ಮಾಡೀನಿ. ಪೇಷಂಟ್‌ಗೆ ಅಂತ ಬ್ಯಾರೆನೇ ಒಂದು ಸಬಕಾರ, ಮನಿಯಾಗ ಬ್ಯಾರೆ ಯಾರೂ ಮುಟ್ಟಂಗಿಲ್ಲ. ದಿನಾ ಮುಂಜಾನೆ ಎದ್ದಕೂಡಲೇ, ಅವರು ಕೈ ತೊಳ್ಕೊಳ್ಳೋಕಿಂತ ಮೊದಲ, ಮನಿಮಂದಿ ಅಡಗಿಮನಿ ಡಿಜಿಟಲ್ ತಕ್ಕಡಿ ಮ್ಯಾಲೆ ಇಟ್ಟು ಗ್ರಾಮ್ ಬರೀತಾರ. ರಾತ್ರಿ ತೂಗಬ್ಯಾಡ್ರಿ, ಹಸಿ ಸಬಕಾರ ನೀರು ಕುಡದು ತೂಕ ಹೆಚ್ಚು ತೋರಸ್ತದ. ಜಾಲರಿ ಇರೋ ಡಬ್ಬಿಯೊಳಗ ರಾತ್ರಿಯೆಲ್ಲಾ ಆರಬೇಕು. ಮಳಿಗಾಲದಾಗ ಆರೋದಿಲ್ಲ, ಆಗ ಎರಡು ದಿನದ ಸರಾಸರಿ ತಗೋರಿ.

ಒಂದು ಎಚ್ಚರ. ಸಬಕಾರ ಕಡಿಮಿ ಆತು ಅಂತ ನಾನೊಮ್ಮೆ ಭಾಳ ಖುಷಿಪಟ್ಟಿದ್ದೆ. ಆಮ್ಯಾಲೆ ಗೊತ್ತಾತು, ಆಫೀಸ್ ಬ್ಯಾಗಿನಾಗ ಸ್ಯಾನಿಟೈಸರ್ ಬಾಟ್ಲಿ ಮೂರು ದಿನಕ್ಕೊಂದು ಖಾಲಿ ಆಗ್ತಿತ್ತು. ತೊಳಿಯೋದು ಹೋಗಿ ಒರಸೋದು ಬಂದಿತ್ತು, ಅಷ್ಟ. ಒಂದೇ ಅಳತಿ ನಂಬಬ್ಯಾಡ್ರಿ.

ಹಳೇಕಡತ
ಮುಂಗಾರು ಅವರ ತಕ್ಕಡಿ ನನಗೆ ತುಂಬ ಹಿಡಿಸಿತು. ಮುಖ್ಯ ಅಳತೆಯಾಗಿ ಇನ್ನೂ ಸರಳವಾದದ್ದು ಇಡಿ: ರಾತ್ರಿ ಮಲಗುವ ಮುನ್ನ ಒಂದೇ ಸಲ, 'ಇವತ್ತು ಮನೆಯ ಬೇರೆಯವರು ತೊಳೆಯದಿದ್ದ ಹೊತ್ತಿನಲ್ಲಿ ನಾನು ಎಷ್ಟು ಸಲ ತೊಳೆದೆ' ಅನ್ನುವ ಒಂದು ಸಂಖ್ಯೆ. ಅಂದಾಜು ಸಾಕು ಅಂತ ಸ್ಪಷ್ಟವಾಗಿ ಹೇಳಿ, ಬರೆದಿದ್ದನ್ನು ತಿದ್ದಲು ಬಿಡಬೇಡಿ. ತುಳಸಿಕಟ್ಟೆ ಅವರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಎಲ್ಲರೂ ಮಾಡಿದ ಎರಡು ಸ್ನಾನ ಲೆಕ್ಕಕ್ಕಿಲ್ಲ, ಮಿಕ್ಕ ನಾಲ್ಕು ಲೆಕ್ಕಕ್ಕುಂಟು. ಹಬ್ಬದ ದಿನಗಳನ್ನು ಗ್ರಾಫ್ ಮೇಲೆ ಸಣ್ಣ ಗುರುತು ಹಾಕಿ ತೋರಿಸಿ. ಸಾಬೂನಿನ ತೂಕ ಪಕ್ಕದಲ್ಲಿರಲಿ. ಎರಡು ಗೆರೆಗಳು ಬೇರೆ ಬೇರೆ ದಿಕ್ಕಿಗೆ ಹೊರಟ ದಿನ ಏನೋ ತಪ್ಪಿದೆ ಅಂತ ತಿಳಿಯುತ್ತದೆ.

ವೈ-ಬಾಕ್ಸ್ ಬೇಡ ಅನ್ನುತ್ತಿಲ್ಲ. ಹತ್ತು ಪ್ರಶ್ನೆ, 0ರಿಂದ 40ರವರೆಗೆ ಅಂಕ, ಕಳೆದ ಒಂದು ವಾರದ ಬಗ್ಗೆ ಕೇಳುತ್ತದೆ. ಅದು ಕಾಯಿಲೆಯ ಒಟ್ಟು ತೀವ್ರತೆ ಹೇಳುತ್ತದೆ, ಯಾವ ದಿನ ಗೆರೆ ತಿರುಗಿತು ಅಂತ ಹೇಳಲಾರದು. ನಿಮ್ಮ ಡಿಸೈನಿನ ಜೀವ ಇರುವುದೇ ಆ ತಿರುವಿನಲ್ಲಿ. ಶುರುವಿನಲ್ಲಿ, ಚಿಕಿತ್ಸೆಗೆ ಮುನ್ನ, ಮುಗಿದ ಮೇಲೆ, ಮೂರು ತಿಂಗಳಿಗೆ ಅಂತ ನಾಲ್ಕು ಸಲ ಹಾಕಿ. ಹಾಕುವವರು ನೀವಾಗಬಾರದು. ಶೇಕಡಾ 35 ಇಳಿದರೆ ಚಿಕಿತ್ಸೆಗೆ ಸ್ಪಂದನೆ ಅಂತ ಎಲ್ಲ ಕಡೆ ಬಳಸುವ ಗಡಿ ಇದೆ, ಅದಕ್ಕೆ ಆ ಅಂಕಗಳು ಬೇಕಾಗುತ್ತವೆ.

ಆತಂಕವನ್ನು ದಿನಾ ನೂರಕ್ಕೆ ಎಷ್ಟು ಅಂತ ಕೇಳುವವರಿದ್ದಾರೆ. ಅದನ್ನು ಮುಖ್ಯ ಅಳತೆ ಮಾಡಬೇಡಿ. ಮೊದಲ ಒಂದೆರಡು ವಾರ ನೀವೇ ಅವರನ್ನು ಹೆದರುವುದರ ಮುಂದೆ ಕೂರಿಸುತ್ತೀರಿ. ಆತಂಕ ಏರಿದರೆ ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆ ಅಂತಲೂ ಇರಬಹುದು.

ಪಗಡೆಕಾಯಿ
ನಾನು ಸಂಖ್ಯಾಶಾಸ್ತ್ರದವನು. ಯಾರಿಗೆ ಯಾವ ಬೇಸ್‌ಲೈನ್ ಅಂತ ಹೇಗೆ ನಿರ್ಧರಿಸುತ್ತೀರಿ? ಅನುಕೂಲ ನೋಡಿ ಹಂಚಿದರೆ, ಬೇಗ ಸುಧಾರಿಸುವಂತೆ ಕಾಣುವವರನ್ನು ಗೊತ್ತಿಲ್ಲದೆ ಮೊದಲು ಹಾಕಿಬಿಡುತ್ತೀರಿ. ಚೀಟಿ ಎತ್ತಿ.

ಚೀಟಿ ಎತ್ತುವುದರಿಂದ ಇನ್ನೊಂದು ಲಾಭ. ನಾಲ್ಕು ಜನರನ್ನು ನಾಲ್ಕು ಸರದಿಗೆ 24 ರೀತಿ ಹಂಚಬಹುದು. ನಿಜವಾಗಿ ಬಂದ ಹಂಚಿಕೆಯಲ್ಲಿ ಬೇಸ್‌ಲೈನ್‌ಗೂ ಚಿಕಿತ್ಸೆಗೂ ಇರುವ ವ್ಯತ್ಯಾಸ ಲೆಕ್ಕ ಹಾಕಿ. ಆಮೇಲೆ ಅದೇ ಅಂಕಿಗಳನ್ನು ಇಟ್ಟುಕೊಂಡು, ಉಳಿದ 23 ಹಂಚಿಕೆಗಳಲ್ಲಿ ಚಿಕಿತ್ಸೆ ಶುರುವಾಗಿದ್ದರೆ ಎಷ್ಟು ವ್ಯತ್ಯಾಸ ಬರುತ್ತಿತ್ತು ಅಂತ ನೋಡಿ. ನಿಮ್ಮದೇ ಎಲ್ಲಕ್ಕಿಂತ ದೊಡ್ಡದಾದರೆ, ಚಿಕಿತ್ಸೆಯಿಂದ ಏನೂ ಆಗದಿದ್ದರೂ ಬರೀ ಆಕಸ್ಮಿಕವಾಗಿ ಹಾಗೆ ಬರುವ ಸಾಧ್ಯತೆ p = 1/24, ಅಂದರೆ ಸುಮಾರು 0.042. ಒಬ್ಬರು ಬಿಟ್ಟುಹೋಗಿ ಮೂವರಾದರೆ ಆರೇ ಹಂಚಿಕೆ. ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ 1/6ಕ್ಕಿಂತ ಕೆಳಗೆ ಹೋಗಲಾರದು. ಅದಕ್ಕೆ ಐದು ಜನರನ್ನು ಸೇರಿಸಿಕೊಳ್ಳಿ ಅನ್ನುತ್ತೇನೆ.

ಆದರೆ ಹಳೇಕಡತ ಸರ್, ಬೇಸ್‌ಲೈನ್ ಇಳಿಯುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ ಅಂತ ನಿಮ್ಮಲ್ಲಿ ಹೇಳುವುದುಂಟಲ್ಲ? ಗೆರೆ ನೋಡಿ ದಿನ ನಿರ್ಧರಿಸಿದರೆ ಚೀಟಿಗೆ ಬೆಲೆಯೇ ಇಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ.

ಹಳೇಕಡತ
ಸರಿಯಾದ ಮಾತು, ನಾವು ಹಲವರು ಈ ತಪ್ಪು ಮಾಡಿದ್ದೇವೆ. ಆದರೆ ಒಂದು ದಾರಿ ಇದೆ. ಗ್ರಾಫ್ ನೋಡುವವರು ಬೇರೆ, ಚಿಕಿತ್ಸೆ ಕೊಡುವವರು ಬೇರೆ. ನೋಡುವವರಿಗೆ ಯಾರ ಸರದಿ ಅಂತ ಗೊತ್ತಿರುವುದಿಲ್ಲ. ನಾಲ್ಕೂ ಗೆರೆ ನಿಂತಿವೆ ಅಂತ ಅವರು ಹೇಳಿದ ಮೇಲೆ ಚೀಟಿ ಎತ್ತಿ ಒಬ್ಬರಿಗೆ ಶುರು ಮಾಡುತ್ತಾರೆ. ಆಮೇಲೆ ಮತ್ತೆ ನೋಡಿ, ಈಗ ಮುಂದಿನವರನ್ನು ಶುರು ಮಾಡಬಹುದು ಅಂದಾಗ ಇನ್ನೊಂದು ಚೀಟಿ. ಕೊನೆಗೆ ಅವರು ಸರದಿಯನ್ನು ಊಹಿಸಬೇಕು. ಸರಿಯಾಗಿ ಊಹಿಸುವ ಸಾಧ್ಯತೆ ಮತ್ತೆ ಅದೇ 24ರಲ್ಲಿ ಒಂದು. ಕೆಲಸ ಹೆಚ್ಚು, ಒಬ್ಬ ಎಂ.ಫಿಲ್ ವಿದ್ಯಾರ್ಥಿನಿಗೆ ಇನ್ನೊಬ್ಬರ ಸಮಯ ಬೇಕು. ಆಗದಿದ್ದರೆ ಅಭ್ಯಾಸದ ವಾರ ಮತ್ತು ಮೊದಲೇ ಎತ್ತಿದ ಚೀಟಿ, ಅಷ್ಟಕ್ಕೆ ಬದ್ಧರಾಗಿ.

ಸರದಿಗಳ ನಡುವೆ ಎಷ್ಟು ಅಂತರ ಅನ್ನುವುದೂ ಯೋಚಿಸಬೇಕು. ಇಆರ್‌ಪಿ ಸ್ವಿಚ್ ಒತ್ತಿದ ಹಾಗೆ ಕೆಲಸ ಮಾಡುವುದಿಲ್ಲ. ಮೂರು ದಿನದ ಅಂತರ ಇಟ್ಟರೆ ಮೊದಲನೆಯವರ ಗೆರೆ ಬಾಗುವ ಮೊದಲೇ ಎರಡನೆಯವರು ಶುರುವಾಗಿರುತ್ತಾರೆ, ಯಾರ ಇಳಿತ ಯಾವಾಗ ಶುರುವಾಯಿತು ಅಂತ ಬೇರೆ ಮಾಡಲಾಗದು. ಕಡಿಮೆಯೆಂದರೆ ಒಂದು ವಾರ, ಅಂದರೆ ನಿಮ್ಮ ಎರಡು ಸೆಷನ್ ಮತ್ತು ಆರೇಳು ದಿನದ ಮನೆಕೆಲಸ. ಏಳರ ಗುಣಕದಲ್ಲಿಟ್ಟರೆ ಭಾನುವಾರದ ಏರುಪೇರೂ ಸಮವಾಗಿ ಹಂಚಿಹೋಗುತ್ತದೆ.

ಅಣ್ಣನ_ತಂಗಿ
ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಅಣ್ಣನಿಗೂ ಇದೇ ಇದೆ, ಸಿಂಗಲ್ ಕೇಸ್ ಅಂದರೆ ಒಬ್ಬರಿಗೇ ಪ್ರತ್ಯೇಕವಾಗಿ ಚಿಕಿತ್ಸೆ ಅಂತ ತಾನೇ? ಅವನನ್ನು ಸೇರಿಸಿಕೊಳ್ಳಬಹುದಾ? ಎರಡು ತಿಂಗಳಿಂದ ಕೆಲಸಕ್ಕೇ ಹೋಗಿಲ್ಲ. ಇರೋದೇ ಬೇಡ ಅಂತ ಒಂದೊಂದು ಸಲ ಮಾತಾಡ್ತಾನೆ.

ಹಳೇಕಡತ
ತಂಗಿ, ಇದು ಚಿಕಿತ್ಸೆಯನ್ನು ಪರೀಕ್ಷಿಸುವ ಒಂದು ವಿಧಾನದ ಮಾತು, ನಿಮ್ಮಣ್ಣನನ್ನು ಇಲ್ಲಿ ಕಾಯಿಸುವುದು ಬೇಡ. ಅವರು ಹಾಗೆ ಮಾತಾಡುತ್ತಿದ್ದರೆ ಒಬ್ಬರನ್ನೇ ಬಿಡಬೇಡಿ. ಈಗಲೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಬರಲು ಆದರೆ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ. ಬರಲಾಗದಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನಾಳೆಯೇ ಕಾಣಿ.

ಮುಂಗಾರು_ಹುಬ್ಬಳ್ಳಿ
ಈ ಹುಡುಗಿ ಮಾತು ಕೇಳಿದ ಮ್ಯಾಲೆ ನಾ ಹೇಳಲೇಬೇಕು. ಅಭ್ಯಾಸದ ವಾರ ಒಂದು, ಆಮ್ಯಾಲೆ 7, 14, 21, 28 ಅಂದ್ರ ಕಡೇದವರು ಐದು ವಾರ ಕೂತು ಬರೀಬೇಕು. ಕೆಲಸಾ ಮಾಡೋ ಚಿಕಿತ್ಸೆ ಕೈಯಾಗ ಇಟ್ಕೊಂಡು, ಗ್ರಾಫ್ ಚಂದ ಬರ್ಲಿ ಅಂತ ಒಬ್ಬರನ್ನ ಕಾಯಸೋದು ನನಗ ಒಪ್ಪಿಗಿ ಇಲ್ಲ.

ಹಳೇಕಡತ
ನಿಮ್ಮ ನೋವು ಅರ್ಥವಾಗುತ್ತದೆ. ಸಾಯುವ ಮಾತಾಡುವವರು, ಊಟ-ನಿದ್ದೆ ಬಿಟ್ಟವರು ಈ ಅಧ್ಯಯನಕ್ಕೆ ಬರಲೇಬಾರದು. ಕಾಯುವವರಿಗೆ ವಾರಕ್ಕೊಂದು ಫೋನ್, ಹದಗೆಟ್ಟರೆ ಆ ದಿನವೇ ಚಿಕಿತ್ಸೆ, ಅವರ ಅಂಕಿ ಲೆಕ್ಕದಿಂದ ಹೊರಗೆ ಅಂತ ನೈತಿಕ ಸಮಿತಿಗೆ ಬರೆದುಕೊಡಬೇಕು. ನಮ್ಮ ಹಲವು ಕಡೆ ಇಆರ್‌ಪಿ ಗೊತ್ತಿರುವವರ ಸರದಿಗೆ ಹೇಗೂ ಕಾಯಲೇಬೇಕು, ಆ ಕಾಯುವ ದಿನಗಳನ್ನೇ ಬೇಸ್‌ಲೈನ್ ಮಾಡಿಕೊಳ್ಳಬಹುದು.

ಈ ಚಿಕಿತ್ಸೆ ಬೆಳೆದದ್ದೂ ಬೆರಳೆಣಿಕೆಯ ಜನರಿಂದಲೇ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ವರದಿ ಮಾಡಿದ್ದು ಇಬ್ಬರು ರೋಗಿಗಳ ಬಗ್ಗೆ. ಇವತ್ತು ಆ ವರದಿ ಓದಿದಾಗ ನನಗೆ ಕಾಡುವುದು ಒಂದೇ: ಚಿಕಿತ್ಸೆಗೆ ಮುನ್ನ ದಿನದಿನದ ಅಳತೆ ಇನ್ನಷ್ಟು ಇದ್ದಿದ್ದರೆ ಎಷ್ಟು ಕಲಿಯಬಹುದಿತ್ತು ಅಂತ.

ಮುಂಗಾರು_ಹುಬ್ಬಳ್ಳಿ
ಫೋನ್ ಮಾಡೋದು ಸರಿ. ಐದು ವಾರ ಅನ್ನೋದು ಇನ್ನೂ ನನಗ ಹೆಚ್ಚೇ ಅನಸ್ತದ.

ಮಲ್ಲಿಗೆಮೊಗ್ಗು
ಇನ್ನೊಂದು ಸಂಶಯ. ಕಾಯಿಲೆ ಅಂದರೇನು, ಇಆರ್‌ಪಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಸಿಕೊಡುವ ಸೆಷನ್, ಭಯಗಳನ್ನು ಮೆಟ್ಟಿಲಾಗಿ ಜೋಡಿಸುವ ಸೆಷನ್, ಇವೆರಡನ್ನೂ ಬೇಸ್‌ಲೈನ್‌ನಲ್ಲೇ ಮುಗಿಸಿಬಿಡಲಾ? ಆಗ ಚಿಕಿತ್ಸೆಯ ಮೊದಲ ದಿನವೇ ಎಕ್ಸ್‌ಪೋಷರ್ ಮಾಡಬಹುದು.

ತುಳಸಿಕಟ್ಟೆ
ನನಗೆ ಅರ್ಧ ವಾಸಿಯಾಗಿದ್ದು ಆ ತಿಳಿಸಿಕೊಟ್ಟ ದಿನವೇ ಮಗಳೇ. ಇದು ಪಾಪವಲ್ಲ, ಕಾಯಿಲೆ ಅಂತ ಗೊತ್ತಾದ ರಾತ್ರಿ ನಾನು ಒಂದೇ ಸಲ ಕಾಲು ತೊಳೆದು ಮಲಗಿದೆ. ಅತ್ತೆಯವರಿಗೂ ಅದೇ ದಿನ ಹೇಳಿದರು, ನಾನು ಕೇಳಿದಾಗಲೆಲ್ಲ ಬಿಸಿನೀರು ತುಂಬಿಕೊಡೋದನ್ನು ಅವರು ಮಾರನೇ ದಿನವೇ ನಿಲ್ಲಿಸಿದರು.

ಹಳೇಕಡತ
ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೇಸ್‌ಲೈನ್‌ನಲ್ಲಿ ಬರೆಯುವುದು ಮತ್ತು ಫೋನ್, ಅಷ್ಟೇ. ತಿಳಿಸಿಕೊಡುವುದನ್ನು ಪ್ರತ್ಯೇಕ ನಡುವಿನ ಹಂತ ಮಾಡಿ, ಒಂದು ವಾರ, ಐದಾರು ಬಿಂದು ಸಿಗುವಷ್ಟು. ಆಗ ಮಾತಿನಿಂದ ಎಷ್ಟು ಇಳಿಯಿತು, ಎಕ್ಸ್‌ಪೋಷರ್‌ನಿಂದ ಎಷ್ಟು ಅಂತ ಗ್ರಾಫ್‌ನಲ್ಲಿ ಕಾಣುತ್ತದೆ. ಆ ವಾರ ಬೇಡವೆಂದರೆ ಅದನ್ನೂ ಚಿಕಿತ್ಸೆಯೊಳಗೇ ಸೇರಿಸಿ, ಫಲಿತಾಂಶವನ್ನು 'ಇಡೀ ಪ್ಯಾಕೇಜಿನದು' ಅಂತ ಕರೆಯಿರಿ. ಎಕ್ಸ್‌ಪೋಷರ್‌ನದೇ ಅಂತ ಕರೆಯುವಂತಿಲ್ಲ.

ಮಲ್ಲಿಗೆಮೊಗ್ಗು
ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಸಮಿತಿ ಒಪ್ಪಿತು, ಆದರೆ 28 ದಿನದ ಬೇಸ್‌ಲೈನ್ ಬೇಡ ಎಂದಿತು. ಹಾಗಾಗಿ ಅಭ್ಯಾಸದ ವಾರದ ಮೇಲೆ 7, 12, 17, 22 ದಿನ. ಐದನೆಯವರು ಸಿಗಲಿಲ್ಲ. ಚೀಟಿಯನ್ನು ನಮ್ಮ ವಿಭಾಗದ ಕ್ಲರ್ಕ್ ಎತ್ತಿದರು.

ಮೊದಲನೆಯವರ ಬೇಸ್‌ಲೈನ್, ದಿನಕ್ಕೆ ಎಷ್ಟು ಸಲ ತೊಳೆದರು ಅಂತ: 19, 22, 18, 21, 20, 23, 20. ಚಿಕಿತ್ಸೆಯ ಮೊದಲ ಎಂಟು ದಿನ: 21, 19, 20, 16, 14, 13, 10, 11. ಸಾಬೂನು ಕೂಡ ಅದೇ ದಾರಿಯಲ್ಲಿದೆ, ಸ್ಯಾನಿಟೈಸರ್ ಇಲ್ಲ ಅಂತ ಅವರ ಯಜಮಾನರು ಹೇಳಿದರು. ಎರಡನೆಯವರದು ಬೇಸ್‌ಲೈನ್ ಉದ್ದಕ್ಕೂ 30ರ ಆಸುಪಾಸಿನಲ್ಲೇ ನಿಂತಿತ್ತು. ಮೂರನೆಯವರದು ಮುಟ್ಟಿನ ಹಿಂದಿನ ನಾಲ್ಕು ದಿನ ಏರಿ ಇಳಿಯಿತು. ಏಳೇ ದಿನ ಇಟ್ಟಿದ್ದರೆ ಆ ಇಳಿತವನ್ನು ನಾನು ಚಿಕಿತ್ಸೆಯ ಖಾತೆಗೆ ಹಾಕಿಬಿಡುತ್ತಿದ್ದೆ.

ಈಗ ಕಷ್ಟ ನಾಲ್ಕನೆಯವರದು. ಬೇಸ್‌ಲೈನ್‌ನ ಒಂಬತ್ತನೇ ದಿನ ಅವರ ಮನೋವೈದ್ಯರು ಫ್ಲುಆಕ್ಸೆಟಿನ್ ಮಾತ್ರೆಯ ಡೋಸ್ ಹೆಚ್ಚಿಸಿದ್ದಾರೆ. ಅವರಿಗೆ ಬೇಕಿತ್ತು, ನಾನು ತಡೆಯುವ ಮಾತೇ ಇಲ್ಲ. ಗೆರೆ ಇನ್ನೂ ಅಲುಗಿಲ್ಲ. ಚಿಕಿತ್ಸೆ ಶುರುವಾಗಲು ಇನ್ನೂ ಏಳು ದಿನ ಇದೆ.

ಪಗಡೆಕಾಯಿ
ತೆಗೆದುಹಾಕಿದರೆ ಮೂವರು, 1/6. ಇಟ್ಟುಕೊಂಡರೆ 1/24 ಸಿಗಬಹುದು, ಆದರೆ ಅದರಲ್ಲಿ ಒಂದು ಗೆರೆ ಮಾತ್ರೆಯದೋ ಇಆರ್‌ಪಿಯದೋ ಗೊತ್ತಿಲ್ಲ. ಎರಡು ಲೆಕ್ಕವನ್ನೂ ಕೊಡಿ, ಯಾವುದು ಮುಖ್ಯ ಅಂತ ಈಗಲೇ, ಅಂಕಿ ಬರುವ ಮೊದಲೇ ದಿನಾಂಕ ಹಾಕಿ ಬರೆದಿಡಿ.

ಹಳೇಕಡತ
ಗೀಳು ಕಾಯಿಲೆಯಲ್ಲಿ ಈ ಮಾತ್ರೆಗಳ ಪರಿಣಾಮ ಪೂರ್ತಿ ಕಾಣಲು ಎಂಟು, ಹನ್ನೆರಡು ವಾರ ಬೇಕಾಗಬಹುದು. ಅಂದರೆ ಅದು ನಿಮ್ಮ ಚಿಕಿತ್ಸೆಯ ಹಂತದ ಮೇಲೆಯೇ ಬಂದು ಬೀಳುತ್ತದೆ. ಅವರನ್ನು ಕಾಯಿಸಬೇಡಿ, ಸರದಿ ಬಂದ ದಿನ ಇಆರ್‌ಪಿ ಕೊಡಿ, ಗ್ರಾಫ್ ಮೇಲೆ ಒಂಬತ್ತನೇ ದಿನಕ್ಕೆ ಒಂದು ಗೆರೆ ಎಳೆದು ಡೋಸ್ ಬರೆಯಿರಿ. ನಾನಾಗಿದ್ದರೆ ಮುಖ್ಯ ಲೆಕ್ಕ ಮೂವರದೇ ಇಡುತ್ತಿದ್ದೆ.

ಪಗಡೆಕಾಯಿ
ನಾನು ಒಪ್ಪುವುದಿಲ್ಲ ಸರ್. ಚೀಟಿ ಎತ್ತಿದ ಮೇಲೆ ಆದದ್ದಕ್ಕೆ ಒಬ್ಬರನ್ನು ಹೊರಗಿಟ್ಟರೆ ಅದೂ ಒಂದು ಆಯ್ಕೆಯೇ. ನಾಲ್ವರನ್ನೂ ಮುಖ್ಯ ಲೆಕ್ಕದಲ್ಲಿಡಬೇಕು.

ಮುಂಗಾರು_ಹುಬ್ಬಳ್ಳಿ
ತಂಗೀ, ಅವರ ಮನಿಯಾಗ ತೂಗೋರು ಯಾರು? ಡೋಸ್ ಹೆಚ್ಚಾದ ವಿಷಯ ಅವರಿಗೂ ಗೊತ್ತದ ಅಲ್ಲ? ಸಬಕಾರ ತಕ್ಕಡಿ ಮ್ಯಾಲೆ ಇಟ್ಟು ಅಂಕಿ ಕಾಣೂ ಹಂಗ ಫೋಟೊ ತಗದು ಕಳಸ್ಲಿಕ್ಕೆ ಹೇಳ್ರಿ. ಇವತ್ತಿಂದನ.